ಯೋಗ ಕ್ಲಾಸಿನ ಉಚಿತ ವಾರ: ಹ್ಯಾಂಡ್‌ಬಿಲ್ಲಿನ ಒಕ್ಕಣೆ ಹೀಗಿರಲಿ

ಯೋಗ ಕ್ಲಾಸಿನ ಹ್ಯಾಂಡ್‌ಬಿಲ್ಲಿನಲ್ಲಿ ಸಾಮಾನ್ಯವಾಗಿ ಮೇಲಿನ ಅರ್ಧ ಜಾಗ ಪದ್ಮಾಸನದ ಚಿತ್ರಕ್ಕೂ ‘ಆರೋಗ್ಯವೇ ಭಾಗ್ಯ’ಕ್ಕೂ ಹೋಗಿಬಿಡುತ್ತದೆ. ಉಳಿದ ಜಾಗದಲ್ಲಿ ‘ಒಂದು ವಾರ ಉಚಿತ. ಸಮಯ ಬೆಳಿಗ್ಗೆ 6ರಿಂದ 8, ಸಂಜೆ 5ರಿಂದ 7. ಆಸಕ್ತರು ಸಂಪರ್ಕಿಸಿ’ ಎಂಬ ಒಂದು ಸಾಲು, ಕೆಳಗೊಂದು ಮೊಬೈಲ್ ನಂಬರು. ಓದಿದವರಿಗೆ ಬರುವ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಆರರಿಂದ ಎಂಟರವರೆಗೆ ಎರಡು ತಾಸು ಕೂರಬೇಕೋ, ಇಲ್ಲ ಎರಡು ಬ್ಯಾಚೋ? ಯಾವ ವಾರ? ಹೆಸರು ಕೊಡಬೇಕೋ, ನೇರ ಹೋದರೆ ಆದೀತೋ? ಫೋನ್ ಮಾಡಿ ಕೇಳುವ ಉತ್ಸಾಹ ಎಲ್ಲರಿಗೂ ಇರುವುದಿಲ್ಲ. ಹ್ಯಾಂಡ್‌ಬಿಲ್ ಮೇಜಿನ ಮೇಲೇ ಉಳಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಒಕ್ಕಣೆ ಬರೆಯೋಣ. ಶಿರಸಿಯ ಒಂದು ಬಡಾವಣೆ, ಮೊದಲ ಮಹಡಿಯಲ್ಲಿ 20 ಅಡಿ ಅಗಲ, 26 ಅಡಿ ಉದ್ದದ ಹಾಲ್, ಕಲಿಸುವವರು ಒಬ್ಬರೇ ಶಿಕ್ಷಕಿ.

ಮೊದಲು ಜಾಗ ಅಳೆಯಿರಿ

ಬರೆಯಲು ಕೂರುವ ಮೊದಲು ಎಷ್ಟು ಜನರಿಗೆ ಜಾಗವಿದೆ ಎಂಬುದು ಗೊತ್ತಿರಬೇಕು. ಮ್ಯಾಟ್ ಆರು ಅಡಿ ಉದ್ದ, ಎರಡು ಅಡಿ ಅಗಲ. ಕೈ ಚಾಚಿದಾಗ ಪಕ್ಕದವರಿಗೆ ತಾಗಬಾರದು, ಕಾಲು ಎತ್ತಿದಾಗ ಹಿಂದಿನವರ ಮುಖಕ್ಕೆ ಬರಬಾರದು ಎಂದರೆ ಒಬ್ಬರಿಗೆ ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ ಬಿಡಬೇಕು. ಇಪ್ಪತ್ತು ಅಡಿ ಅಗಲದಲ್ಲಿ ಸಾಲಿಗೆ ಐವರು. ಮೂರು ಸಾಲಿಗೆ 21 ಅಡಿ, ಮುಂದೆ ಶಿಕ್ಷಕಿಗೆ ಐದು ಅಡಿ. ಅಲ್ಲಿಗೆ ಬ್ಯಾಚಿಗೆ 15 ಜನ, ಮೂರು ಬ್ಯಾಚಿಗೆ 45. ಈ ಲೆಕ್ಕ ಮಾಡದೆ ‘ಎಲ್ಲರಿಗೂ ಸ್ವಾಗತ’ ಎಂದು ಅಚ್ಚು ಹಾಕಿಸಿದರೆ ಮೊದಲ ದಿನ ಮೂವತ್ತು ಜನ ಬಂದು ಹಾಲ್ ತುಂಬುತ್ತದೆ, ಎರಡನೆಯ ದಿನ ಹತ್ತೇ ಜನ. ಇಕ್ಕಟ್ಟಿನಲ್ಲಿ ಕೈಕಾಲು ಆಡಿಸಲಾಗದೆ ವಾಪಸ್ ಹೋದವರು ಮತ್ತೆ ಬರುವುದು ಕಷ್ಟ.

ಸಮಯದ ಸಾಲು

ಒಂದು ಬ್ಯಾಚಿಗೆ ಒಂದೇ ಸಾಲು, ಪ್ರತಿ ಬ್ಯಾಚಿಗೂ ಒಂದು ನಂಬರು. ‘6ರಿಂದ 8’ ಎಂದು ಎರಡು ಬ್ಯಾಚನ್ನು ಒಟ್ಟಿಗೆ ಕಟ್ಟಿಹಾಕಬೇಡಿ. ‘ಬೆಳಿಗ್ಗೆ’, ‘ಸಂಜೆ’ ಎಂಬ ಪದ ಪ್ರತಿ ಸಾಲಿನಲ್ಲೂ ಇರಲಿ. ಮೇಲಿನ ಸಾಲಿನಲ್ಲಿ ಇದೆಯಲ್ಲ ಎಂದು ಕೆಳಗೆ ಬಿಟ್ಟರೆ, ಅವಸರದಲ್ಲಿ ಓದುವವರಿಗೆ 6.15 ಯಾವುದೆಂದು ತಿಳಿಯುವುದಿಲ್ಲ.

ಸಮಯವನ್ನು ಊರಿನ ದಿನಚರಿ ನೋಡಿ ಆರಿಸಬೇಕು. ನವೆಂಬರಿನ ನಡುವಿನಲ್ಲಿ ನಮ್ಮ ಕಡೆ ಸೂರ್ಯ ಕಾಣುವುದೇ ಆರೂವರೆಯ ಹೊತ್ತಿಗೆ. ಆರಕ್ಕೆ ಕ್ಲಾಸ್ ಎಂದರೆ ಮನೆ ಬಿಡುವಾಗ ಕತ್ತಲು, ಮೇಲಿಂದ ಚಳಿ. ಆದ್ದರಿಂದ ಮೊದಲ ಬ್ಯಾಚ್ 6.30ಕ್ಕೆ, ಆಸ್ರಿಗೆ ಮೊದಲು. ಎರಡನೆಯದು ಮನೆಯಲ್ಲಿರುವ ಹೆಂಗಸರಿಗೆ. ಏಳೂವರೆಗೆ ದೋಸೆ ತಿಂದವರಿಗೆ ಹೊಟ್ಟೆ ಹಗುರಾಗಲು ಮೂರು ತಾಸು ಬೇಕು, ಹಾಗಾಗಿ 10.30. ಮುಗಿಸಿ ಹೋಗಿ ಮಧ್ಯಾಹ್ನದ ಅಡುಗೆಗೂ ಸಮಯ ಸಿಗುತ್ತದೆ. ಸಂಜೆಯದ್ದು ನೌಕರರಿಗೆ. ಸರ್ಕಾರಿ ಕಚೇರಿ ಬಿಡುವುದೇ ಐದೂವರೆಗೆ. ಐದೂವರೆಗೆ ಬ್ಯಾಚ್ ಇಟ್ಟರೆ ಯಾರಿಗಾಗಿ ಇಟ್ಟಿದ್ದೋ ಅವರೇ ಬರಲಾರರು, 6.15 ಸರಿ. ಕಾರವಾರದಲ್ಲಾದರೆ ಕೈಗಾದಲ್ಲಿ ಪಾಳಿ ಕೆಲಸ ಮಾಡುವವರೂ ಓದುಗರಲ್ಲಿರುತ್ತಾರೆ. ‘ಪಾಳಿ ಬದಲಾದರೆ ಬ್ಯಾಚ್ ಬದಲಿಸಿಕೊಳ್ಳಬಹುದು’ ಎಂಬ ಒಂದು ಸಾಲು ಅಲ್ಲಿ ಬೇಕು. ಬದಲಿಸಿಕೊಡಲು ಆಗದಿದ್ದರೆ ಆ ಸಾಲು ಹಾಕಬೇಡಿ.

ಬಾಗಿಲು ತೆರೆಯುವ ಹೊತ್ತು ಬೇರೆ, ಕ್ಲಾಸ್ ಶುರುವಾಗುವ ಹೊತ್ತು ಬೇರೆ. ಅಚ್ಚಾಗುವುದು ಕ್ಲಾಸಿನ ಸಮಯ. ಅದರ ಕೆಳಗೆ ‘10 ನಿಮಿಷ ಮೊದಲು ಬನ್ನಿ’. ತಡವಾಗಿ ಬಂದವರು ಮೈ ಸಡಿಲ ಮಾಡಿಕೊಳ್ಳುವ ಅಭ್ಯಾಸ ತಪ್ಪಿಸಿಕೊಂಡು ನೇರ ಆಸನಕ್ಕೆ ಇಳಿದರೆ ತೊಡೆ, ಸೊಂಟ ಹಿಡಿದುಕೊಳ್ಳುತ್ತದೆ.

ವಾರ ಎಂದರೆ ಯಾವ ವಾರ?

‘ಮುಂದಿನ ಸೋಮವಾರದಿಂದ’ ಎಂಬುದನ್ನು ಹೊಡೆದುಹಾಕಿ. ಅಂಗಡಿಯ ಗೋಡೆಗೆ ಅಂಟಿಸಿದ ಚೀಟಿಗೆ ಪ್ರತಿ ವಾರವೂ ಒಂದು ಮುಂದಿನ ಸೋಮವಾರ ಇರುತ್ತದೆ. ತಾರೀಕು, ವಾರ, ವರ್ಷ ಮೂರೂ ಬೇಕು. ‘ಒಂದು ವಾರ’ ಎನ್ನುವುದಕ್ಕಿಂತ ‘6 ದಿನ’ ಎನ್ನುವುದು ಒಳ್ಳೆಯದು, ಭಾನುವಾರ ಬೀಗ ಹಾಕಿದ ಬಾಗಿಲಿನ ಮುಂದೆ ಯಾರೂ ನಿಲ್ಲುವುದಿಲ್ಲ.

ನಮ್ಮ ಉದಾಹರಣೆಗೆ 2026ರ ನವೆಂಬರ್ 16, ಸೋಮವಾರದಿಂದ 21, ಶನಿವಾರದವರೆಗೆ ಎಂದಿಡೋಣ. ದೀಪಾವಳಿ ಕಳೆದಿರುತ್ತದೆ, ನೆಂಟರು ಹೊರಟಿರುತ್ತಾರೆ. ಇನ್ನೂ ಮುಂದೂಡಿದರೆ ಅಡಿಕೆ ಕೊಯ್ಲು ಜೋರಾಗಿ ತೋಟದ ಮನೆಯವರಿಗೆ ಬಿಡುವಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ವಾರದಲ್ಲಂತೂ ಶಿರಸಿಯಲ್ಲಿ ಇಂಥದ್ದನ್ನು ಇಡುವುದೇ ಬೇಡ.

ಉಚಿತ ಎಂದರೆ ಏನೇನು?

ಇಲ್ಲಿ ಎರಡು ಅನುಮಾನ ಇರುತ್ತವೆ. ಆರು ದಿನ ಮುಗಿದ ಮೇಲೆ ದುಡ್ಡು ಕೇಳುತ್ತಾರೋ ಎಂಬುದೊಂದು, ಮ್ಯಾಟ್ ಕೊಳ್ಳಬೇಕೋ ಎಂಬುದಿನ್ನೊಂದು. ಎರಡಕ್ಕೂ ಒಂದೊಂದು ಸಾಲಿನ ಉತ್ತರ ಸಾಕು. ಮುಂದುವರಿಸುವವರಿಗೆ ತಿಂಗಳಿಗೆ ಎಷ್ಟು ಎಂಬುದನ್ನೂ ಅಲ್ಲೇ ಹಾಕಿ. ಶುಲ್ಕ ಮುಚ್ಚಿಟ್ಟರೆ ಜಾಸ್ತಿ ಜನ ಬರುತ್ತಾರೆ ಎಂಬ ನಂಬಿಕೆ ಇದೆ. ಬರುವುದೇನೋ ಬರುತ್ತಾರೆ, ಆದರೆ ಏಳನೆಯ ದಿನ ಶುಲ್ಕ ಕೇಳಿ ಹಿಂಜರಿಯುವವರಿಗಾಗಿ ಹದಿನೈದು ಜಾಗದಲ್ಲಿ ಅರ್ಧ ಹೋಗಿರುತ್ತದೆ. ಸಕ್ಕರೆ ಕಾಯಿಲೆ, ಬೆನ್ನುನೋವು ಗುಣವಾಗುತ್ತದೆ ಎಂಬ ಭರವಸೆ ಬೇಡವೇ ಬೇಡ. ಆರು ದಿನದಲ್ಲಿ ಅಂಥದ್ದೇನೂ ಆಗುವುದಿಲ್ಲ.

ಹೆಸರು ಕೊಡುವ ದಾರಿ

ಹೆಚ್ಚು ಎಡವಟ್ಟಾಗುವುದು ಇಲ್ಲಿ. ಹ್ಯಾಂಡ್‌ಬಿಲ್ ಪೇಪರಿನೊಳಗೆ ಸೇರಿ ಬೆಳಿಗ್ಗೆ ಮನೆಗೆ ಬರುತ್ತದೆ. ಚಹಾ ಕುಡಿಯುತ್ತ ಓದಿದವರು ಫೋನ್ ಮಾಡುವುದು ಆಗಲೇ. ಶಿಕ್ಷಕಿ ಆ ಹೊತ್ತಿಗೆ ಬ್ಯಾಚ್ ನಡೆಸುತ್ತಿರುತ್ತಾರೆ, ಫೋನ್ ಸೈಲೆಂಟ್‌ನಲ್ಲಿರುತ್ತದೆ. ಎರಡು ಸಲ ಎತ್ತದ ಫೋನಿಗೆ ಮೂರನೆಯ ಸಲ ಯಾರು ಮಾಡುತ್ತಾರೆ? ಹಾಗಾಗಿ ಮೊದಲ ದಾರಿ ವಾಟ್ಸಾಪ್ ಆಗಲಿ, ಕರೆಗೆ ಹೊತ್ತು ಗೊತ್ತುಮಾಡಿ.

ಸಂದೇಶದಲ್ಲಿ ಮೂರೇ ಸಂಗತಿ ಕೇಳಿ: ಹೆಸರು, ವಯಸ್ಸು, ಬ್ಯಾಚ್ ನಂಬರು. ಬಿಪಿ, ಬಸುರಿತನ, ಇತ್ತೀಚಿನ ಆಪರೇಷನ್ ಇದ್ದರೆ ತಿಳಿಸಿ ಎಂಬ ಸಾಲು ಬೇರೆಯಾಗಿ ಇರಲಿ, ಏಕೆಂದರೆ ಅವರಿಗೆ ಕೆಲವು ಆಸನ ಬಿಡಿಸಬೇಕಾಗುತ್ತದೆ. ಕಳಿಸಿದ ಮೇಲೆ ಏನಾಗುತ್ತದೆ ಎಂಬುದನ್ನೂ ಬರೆಯಬೇಕು. ‘ಜಾಗ ಇದೆ ಎಂದು ಉತ್ತರ ಬಂದ ಮೇಲೆ ನಿಮ್ಮ ಹೆಸರು ಸೇರಿದಂತೆ’ ಎಂಬ ಸಾಲು ಇಲ್ಲದಿದ್ದರೆ, ಸಂದೇಶ ಕಳಿಸಿದವರೆಲ್ಲ ಹೆಸರು ಸೇರಿತು ಎಂದೇ ತಿಳಿದು ಹದಿನೆಂಟನೆಯವರಾಗಿ ಬಂದು ನಿಲ್ಲುತ್ತಾರೆ. ಪುಕ್ಕಟೆ ಎಂದು ಹೆಸರು ಕೊಟ್ಟು ಬಾರದವರೂ ಇರುತ್ತಾರೆ, ಅವರ ಜಾಗ ಎರಡನೆಯ ದಿನ ಬೇರೆಯವರಿಗೆ ಹೋಗುತ್ತದೆಂದು ಮೊದಲೇ ಹೇಳಿಬಿಡಿ.

ಕ್ಯೂಆರ್ ಕೋಡ್ ಹಾಕುವುದಾದರೆ ವಾಟ್ಸಾಪಿನ ನೇರ ವಿಳಾಸದಿಂದಲೇ ಮಾಡಿ:

```
https://wa.me/91XXXXXXXXXX?text=YOGA
```

91ಕ್ಕೆ ಮೊದಲು ಪ್ಲಸ್ ಬೇಡ, ನಂಬರಿಗೆ ಮೊದಲು ಸೊನ್ನೆ ಬೇಡ, ನಡುವೆ ಜಾಗ ಬಿಡುವುದೂ ಬೇಡ. ಕೊನೆಯ ಪದ ಕನ್ನಡದಲ್ಲಿರಲಿ ಎಂದು ಆಸೆಯಾಗುವುದು ಸಹಜ. ಆದರೆ ವಿಳಾಸದೊಳಗೆ ಒಂದೊಂದು ಕನ್ನಡ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ, ‘ಯೋಗ’ ಎಂಬ ಪುಟ್ಟ ಪದ 27 ಚಿಹ್ನೆಯಾಗುತ್ತದೆ. ಒಂದು ಇಡೀ ವಾಕ್ಯ ತುರುಕಿದರೆ ಕೋಡಿನ ಚೌಕಗಳು ಸಾಸಿವೆಯಷ್ಟಾಗಿ, ಹಳೆಯ ಫೋನಿನ ಕ್ಯಾಮೆರಾ ಒದ್ದಾಡುತ್ತದೆ. ಕೆಲವು ವೆಬ್‌ಸೈಟುಗಳು ತಮ್ಮದೇ ವಿಳಾಸದ ಮೂಲಕ ಹಾದುಹೋಗುವ ಕೋಡ್ ಕೊಡುತ್ತವೆ. ಪುಕ್ಕಟೆ ಅವಧಿ ಮುಗಿದಾಗ ಅದು ಕೆಲಸ ನಿಲ್ಲಿಸಬಹುದು. ಕೈಯಲ್ಲಿ ಹಿಡಿದು ಓದುವ ಚೀಟಿಗೆ ಎರಡೂವರೆ ಸೆಂಟಿಮೀಟರ್ ಅಗಲದ ಕೋಡ್ ಸಾಕು, ಸುತ್ತ ಬಿಳಿ ಅಂಚು ಇರಲೇಬೇಕು. ಅದನ್ನೇ ಗೋಡೆಗೆ ಅಂಟಿಸಿ ಒಂದು ಮೀಟರ್ ದೂರದಿಂದ ಓದಿಸಬೇಕೆಂದರೆ ಹತ್ತು ಸೆಂಟಿಮೀಟರ್ ಬೇಕು.

ಕೋಡ್ ಇದೆಯೆಂದು ನಂಬರು ಬಿಡಬೇಡಿ. ಘಟ್ಟದ ಕಣಿವೆಯ ಎಷ್ಟೋ ಮನೆಗಳಲ್ಲಿ ಇಂಟರ್ನೆಟ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ.

ಪೂರ್ತಿ ಒಕ್ಕಣೆ

ಎ5 ಅಳತೆಯ, ಅಂದರೆ ಎ4 ಹಾಳೆಯ ಅರ್ಧದ ಚೀಟಿಗೆ ಇಷ್ಟು ಹಿಡಿಯುತ್ತದೆ:

> ಯೋಗ ಕಲಿಯಲು 6 ದಿನ ಉಚಿತ
> 16-11-2026 ಸೋಮವಾರದಿಂದ 21-11-2026 ಶನಿವಾರದವರೆಗೆ
> ಹೊಸಬರಿಗೆ, 16 ವರ್ಷ ಮೇಲ್ಪಟ್ಟವರಿಗೆ
>
> ಬ್ಯಾಚ್ 1: ಬೆಳಿಗ್ಗೆ 6.30ರಿಂದ 7.30
> ಬ್ಯಾಚ್ 2: ಬೆಳಿಗ್ಗೆ 10.30ರಿಂದ 11.30, ಮಹಿಳೆಯರಿಗೆ
> ಬ್ಯಾಚ್ 3: ಸಂಜೆ 6.15ರಿಂದ 7.15
> ಬ್ಯಾಚಿಗೆ 15 ಜನ ಮಾತ್ರ. 10 ನಿಮಿಷ ಮೊದಲು ಬನ್ನಿ. ಊಟವಾಗಿ 3 ತಾಸು ಕಳೆದಿರಲಿ.
>
> ಹೆಸರು ಕೊಡುವುದು ಹೀಗೆ
> 1. ಕೋಡ್ ಸ್ಕ್ಯಾನ್ ಮಾಡಿ, ಅಥವಾ ಈ ನಂಬರಿಗೆ ವಾಟ್ಸಾಪ್ ಮಾಡಿ: (ನಂಬರು)
> 2. ನಿಮ್ಮ ಹೆಸರು, ವಯಸ್ಸು, ಬ್ಯಾಚ್ ನಂಬರು ಬರೆದು ಕಳಿಸಿ. ಬಿಪಿ, ಬಸುರಿತನ, ಆಪರೇಷನ್ ಆಗಿದ್ದರೆ ತಿಳಿಸಿ.
> 3. ‘ಜಾಗ ಇದೆ’ ಎಂದು ಉತ್ತರ ಬಂದ ಮೇಲೆ ನಿಮ್ಮ ಹೆಸರು ಸೇರಿದಂತೆ.
> ವಾಟ್ಸಾಪ್ ಇಲ್ಲದವರು ಕರೆ ಮಾಡಿ: ಬೆಳಿಗ್ಗೆ 8ರಿಂದ 10, ಮಧ್ಯಾಹ್ನ 3ರಿಂದ 5
> ಕೊನೆಯ ದಿನ: 14-11-2026 ಶನಿವಾರ, ಸಂಜೆ 5
> ಮೊದಲ ದಿನ ಬಾರದಿದ್ದರೆ ಜಾಗ ಬೇರೆಯವರಿಗೆ.
>
> ಮ್ಯಾಟ್ ನಾವೇ ಕೊಡುತ್ತೇವೆ. ಮುಂದುವರಿಸಲೇಬೇಕೆಂದಿಲ್ಲ. ಮುಂದುವರಿಸಿದರೆ ತಿಂಗಳಿಗೆ ರೂ. (ಶುಲ್ಕ)
> ಸ್ಥಳ: (ಹೆಸರು, ರಸ್ತೆ, ಎದುರಿಗಿರುವ ಗುರುತು). ಮೊದಲ ಮಹಡಿ, ಮೆಟ್ಟಿಲು ಹಿಂಬದಿಯಲ್ಲಿ.

ಮಂಡಿನೋವಿನವರು ಮೆಟ್ಟಿಲಿನ ಸಾಲು ನೋಡಿ ಮನೆಯಲ್ಲೇ ನಿರ್ಧರಿಸಿಕೊಳ್ಳಬಹುದು. ವಾರದ ನಡುವೆ ಸೇರಬಹುದೇ ಎಂಬುದನ್ನು ಬೇಕೆಂದೇ ಬರೆದಿಲ್ಲ. ಜಾಗ ಉಳಿದರೆ ಬುಧವಾರದವರೆಗೆ ಕೇಳಿದವರಿಗೆ ಹೇಳಿದರಾಯಿತು, ಅಚ್ಚು ಹಾಕಿದರೆ ಎಲ್ಲರೂ ಬುಧವಾರವೇ ಬರುತ್ತಾರೆ.

ಪ್ರೆಸ್ಸಿಗೆ ಕೊಡುವಾಗ

ನೀವು ವಾಟ್ಸಾಪಿನಲ್ಲಿ ಕಳಿಸುವ ಕನ್ನಡ ಯುನಿಕೋಡ್. ಡಿಟಿಪಿ ಅಂಗಡಿಯಲ್ಲಿ ಹಳೆಯ ಪೇಜ್‌ಮೇಕರ್, ನುಡಿ ಅಕ್ಷರ ಇದ್ದರೆ ಅದು ನೇರ ಕೂರುವುದಿಲ್ಲ. ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ ಸ್ಥಳ ತಪ್ಪುವುದುಂಟು. ಮತ್ತೆ ಟೈಪ್ ಮಾಡಿದರೆ 6.15 ಹೋಗಿ 6.51 ಆಗುವುದುಂಟು. ಕಂಪ್ಯೂಟರಿನ ಪರದೆಯ ಮೇಲೆ ನೋಡಿ ‘ಸರಿ’ ಅನ್ನಬೇಡಿ. ನಿಜವಾದ ಅಳತೆಯಲ್ಲಿ ಒಂದು ಪ್ರತಿ ತೆಗೆಸಿ. ಅಂಕಿಗಳನ್ನಷ್ಟೇ ಬೆರಳಿಟ್ಟು ಒಂದು ಸಲ ಓದಿ, ತಾರೀಕಿಗೂ ವಾರಕ್ಕೂ ತಾಳೆಯಿದೆಯೇ ಎಂದು ಕ್ಯಾಲೆಂಡರ್ ನೋಡಿ, ಅಚ್ಚಾದ ನಂಬರಿಗೆ ಬೇರೆಯವರ ಫೋನಿನಿಂದ ಕರೆ ಮಾಡಿಸಿ, ಕೋಡನ್ನು ಮನೆಯ ಅತಿ ಹಳೆಯ ಫೋನಿನಲ್ಲಿ ಸ್ಕ್ಯಾನ್ ಮಾಡಿ.

ಇಂಕ್‌ಜೆಟ್ ಪ್ರಿಂಟಿನ ಶಾಯಿ ಇಬ್ಬನಿಗೂ ಕಲೆಸಿಹೋಗುತ್ತದೆ, ಆಫ್‌ಸೆಟ್ ಅಥವಾ ಲೇಸರ್ ಇರಲಿ. 45 ಜಾಗಕ್ಕೆ ಸಾವಿರಗಟ್ಟಲೆ ಪ್ರತಿ ಬೇಕಿಲ್ಲ. ಐನೂರು ಹಾಕಿಸಿ, ನಡೆದು ಬರುವಷ್ಟು ದೂರದ ಮನೆಗಳಿಗೆ ಮಾತ್ರ ಸೇರಿಸುವಂತೆ ಪೇಪರ್ ಏಜೆಂಟರಿಗೆ ಹೇಳಿ. 12ನೇ ತಾರೀಕು, ಗುರುವಾರ ಹಂಚಿದರೆ ಹೆಸರು ಕೊಡಲು ಮೂರು ದಿನ ಸಿಗುತ್ತದೆ. ಆ ಮೂರು ದಿನ ಫೋನ್ ನೋಡಿಕೊಳ್ಳಲು ಶಿಕ್ಷಕಿಯ ಬದಲು ಇನ್ನೊಬ್ಬರನ್ನು ಕೂರಿಸಿ, ಪಕ್ಕದಲ್ಲಿ ಬ್ಯಾಚಿಗೊಂದರಂತೆ ಹದಿನೈದು ಗೆರೆಯ ಮೂರು ಹಾಳೆ ಇಟ್ಟುಕೊಳ್ಳಲಿ. ಹದಿನಾರನೆಯ ಹೆಸರು ಬಂದರೆ ಹಾಳೆಯ ಹಿಂಬದಿಯಲ್ಲಿ ಬರೆದು, ‘ಜಾಗ ಆದರೆ ಮಂಗಳವಾರ ಬೆಳಿಗ್ಗೆ ತಿಳಿಸುತ್ತೇವೆ’ ಎಂದು ಉತ್ತರ ಕಳಿಸಬೇಕು.