ಕೊಟೇಶನ್ ತೆಗೆಯೋ ಮೊದಲು ಬಾಣ ಎಳೆಯಿರಿ

ಚಿಂತಾಮಣಿಯ ನಮ್ಮ ಮನೆಗೆ ಸಂಜೆ ಏಳನೇ ಕ್ಲಾಸಿನ ಮಕ್ಕಳು ಇಂಗ್ಲಿಷ್ ಗ್ರಾಮರ್ ಕಲಿಯಲು ಬರುತ್ತಾರೆ. ಡೈರೆಕ್ಟ್ ಸ್ಪೀಚನ್ನು ರಿಪೋರ್ಟೆಡ್ ಸ್ಪೀಚ್ ಮಾಡಿ ಅಂದರೆ ಜಾಸ್ತಿ ಜನ ಒಂದೇ ಕಡೆ ಎಡವುತ್ತಾರೆ. ಈ ವಾಕ್ಯ ನೋಡಿ:

ಮುನಿರಾಜು ಸೆಡ್ ಟು ಶಬಾನಾ, "ಐ ವಿಲ್ ರಿಟರ್ನ್ ಯುವರ್ ಸೈಕಲ್ ಟುಮಾರೋ."

ಮಕ್ಕಳು ಬರೆಯುವುದು: ಮುನಿರಾಜು ಸೆಡ್ ದಟ್ ಐ ವಿಲ್ ರಿಟರ್ನ್ ಯುವರ್ ಸೈಕಲ್. ಮಾತಾಡುವಾಗ ನಾವು "ನಾನು ನಾಳೆ ಕೊಡ್ತೀನಿ ಅಂದ" ಅಂತೀವಲ್ಲ, ಅದೇ ರೂಢಿ. ಕನ್ನಡದಲ್ಲಿ ಅದು ಸರಿ. ಇಂಗ್ಲಿಷಿನಲ್ಲಿ ಹಾಗೆ ಬರೆದರೆ ಸೈಕಲ್ ವಾಪಸ್ ಕೊಡಬೇಕಾದವರು ಮುನಿರಾಜು ಅಲ್ಲ, ಉತ್ತರ ಬರೆದ ಮಗು!

ಮೊದಲು ಕೊಟೇಶನ್ನಿನ ಹೊರಗೆ ನೋಡಿ. ಹೇಳಿದ್ದು ಯಾರು, ಕೇಳಿಸಿಕೊಂಡಿದ್ದು ಯಾರು? ಎರಡು ಹೆಸರಿಗೂ ಅಡಿಗೆರೆ ಹಾಕಿ.

ಈಗ ಪೆನ್ಸಿಲ್ ತಗೊಂಡು ಬಾಣ ಎಳೆಯಿರಿ. 'ಐ'ನಿಂದ ಹೇಳಿದವರಿಗೆ, ಅಂದರೆ ಮುನಿರಾಜುಗೆ. ಹುಡುಗ, ಆದ್ದರಿಂದ 'ಹೀ'. 'ಯುವರ್'ನಿಂದ ಕೇಳಿಸಿಕೊಂಡವರಿಗೆ, ಶಬಾನಾಗೆ. ಹುಡುಗಿ, ಆದ್ದರಿಂದ 'ಹರ್'. ಒಳಗೆ ಮೊದಲೇ ಹೀ, ಶೀ, ದೇ ಇದ್ದರೆ ಹಾಗೇ ಬಿಡಿ. ಶಬಾನಾ ಜಾಗದಲ್ಲಿ 'ಮೀ' ಅಂತಿದ್ದರೆ? ಬಾಣ ನನ್ನ ಕಡೆಗೇ ಬರುತ್ತದೆ, 'ಯುವರ್' ಹೋಗಿ 'ಮೈ' ಆಗುತ್ತದೆ. ಗೈಡುಗಳಲ್ಲಿ 'ಯೂ' ಇದ್ದರೆ 'ಹೀ' ಎಂದು ಒಂದೇ ಪಟ್ಟಿ ಕೊಟ್ಟಿರುತ್ತಾರೆ. ಅದನ್ನು ಬಾಯಿಪಾಠ ಮಾಡಿಸಲೇಬೇಡಿ. ಕೇಳುವವರು ಬದಲಾದರೆ ಆ ಪಟ್ಟಿ ಕೈಕೊಡುತ್ತದೆ.

ಬಾಣ ಮುಗಿದ ಮೇಲೆ ಕಾಲ. ಹೊರಗೆ 'ಸೆಡ್' ಇದ್ದರೆ ಒಳಗಿನ ಕ್ರಿಯಾಪದ ಒಂದು ಹೆಜ್ಜೆ ಹಿಂದೆ ಹೋಗುತ್ತದೆ: ವಿಲ್ ಇದ್ದದ್ದು ವುಡ್, ಕ್ಯಾನ್ ಇದ್ದದ್ದು ಕುಡ್, ಈಸ್ ಇದ್ದದ್ದು ವಾಸ್, ಹ್ಯಾವ್ ಲಾಸ್ಟ್ ಇದ್ದದ್ದು ಹ್ಯಾಡ್ ಲಾಸ್ಟ್. ಬರೀ 'ಲಾಸ್ಟ್' ಇದ್ದರೂ 'ಹ್ಯಾಡ್ ಲಾಸ್ಟ್'. ಹೊರಗೆ 'ಸೇಸ್' ಇದ್ದರೆ ಕಾಲ ಮುಟ್ಟಬೇಡಿ, ಸರ್ವನಾಮ ಮಾತ್ರ ಬದಲಿಸಿ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬಂಥ ಯಾವಾಗಲೂ ನಿಜವಾದ ಮಾತಿಗೂ ಕಾಲ ಬದಲಿಸಬೇಕಿಲ್ಲ.

ಉಳಿದದ್ದು ಸುಲಭ. 'ಸೆಡ್ ಟು' ಹೋಗಿ 'ಟೋಲ್ಡ್', ಕಾಮಾ ಮತ್ತು ಕೊಟೇಶನ್ ಹೋಗಿ 'ದಟ್', 'ಟುಮಾರೋ' ಹೋಗಿ 'ದ ನೆಕ್ಸ್ಟ್ ಡೇ'. 'ಟೋಲ್ಡ್ ಟು' ಅಂತ ಬರೆದಿದ್ದರೆ ಆ 'ಟು' ಹೊಡೆದುಹಾಕಿ.

ಮುನಿರಾಜು ಟೋಲ್ಡ್ ಶಬಾನಾ ದಟ್ ಹೀ ವುಡ್ ರಿಟರ್ನ್ ಹರ್ ಸೈಕಲ್ ದ ನೆಕ್ಸ್ಟ್ ಡೇ.

ಬರೆದಾದ ಮೇಲೆ ಮಗುವಿಗೆ ಎರಡೇ ಪ್ರಶ್ನೆ ಕೇಳಿ: ಸೈಕಲ್ ಯಾರದು, ಕೊಡಬೇಕಾದವರು ಯಾರು? ಮೊದಲ ವಾಕ್ಯಕ್ಕೂ ಎರಡನೆಯದಕ್ಕೂ ಉತ್ತರ ಒಂದೇ ಬರಬೇಕು. ಬರದಿದ್ದರೆ ಬಾಣ ತಪ್ಪಿದೆ, ಅಳಿಸಿ ಮತ್ತೆ ಎಳೆಸಿ.