26 ನಿಮಿಷ ಅಂದುಕೊಂಡ ಸರ್ವೆ 44 ನಿಮಿಷ ಆದದ್ದು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರ ಮನೆಗಳಲ್ಲಿ ಖರ್ಚು, ಸಾಲದ ಬಗ್ಗೆ ಸರ್ವೆ ಮಾಡ್ಲಿಕ್ಕೆ ಅಂತ 62 ಪ್ರಶ್ನೆಯ ಪ್ರಶ್ನಾವಳಿ ಮಾಡಿದ್ದೆ. ಒಂದಕ್ಕೆ 25 ಸೆಕೆಂಡ್ ಅಂತ ಹಿಡಿದ್ರೆ 26 ನಿಮಿಷ, ಮನೆಯವರಿಗೂ ಹಾಗೇ ಹೇಳಿದ್ದು. ಪೈಲಟ್‌ಗೆ, ಅಂದ್ರೆ ಮೊದಲು ಸಣ್ಣದಾಗಿ ಮಾಡಿ ನೋಡ್ಲಿಕ್ಕೆ, 16 ಮನೆಗೆ ಹೋದಾಗ ಮೀಡಿಯನ್, ಅಂದ್ರೆ ಎಲ್ಲ ಸಮಯ ಕ್ರಮವಾಗಿ ಇಟ್ರೆ ನಡುವೆ ಬರುವುದು, 44 ನಿಮಿಷ ಬಂತು. ಸರಾಸರಿ ನೋಡ್ಲಿಲ್ಲ, ಯಾಕಂದ್ರೆ ಒಂದು ಮನೆಗೆ ಮಧ್ಯದಲ್ಲಿ ಅಡಿಕೆ ವ್ಯಾಪಾರಿ ಬಂದು ಒಂದೂವರೆ ಗಂಟೆ ಆಗಿತ್ತು, ಅದೊಂದೇ ಸಾಕು ಸರಾಸರಿ ಮೇಲೆ ಹೋಗ್ಲಿಕ್ಕೆ.

ಲೆಕ್ಕ ತಪ್ಪಿದ್ದು ಟೇಬಲ್‌ಗಳಲ್ಲಿ. ಒಪ್ತೀರಾ ಇಲ್ವಾ ಅಂತ ಕೇಳುವ 3 ಟೇಬಲ್ ಇತ್ತು, ಒಂದೊಂದರಲ್ಲಿ 10 ಹೇಳಿಕೆ, ನಾನು ಅದನ್ನೆಲ್ಲ 3 ಪ್ರಶ್ನೆ ಅಂತ ಎಣಿಸಿದ್ದೆ, ಆದ್ರೆ ಮನೆಯವರಿಗೆ ಅದು 30 ಪ್ರಶ್ನೆ. ಹಾಗೆ ನೋಡಿದ್ರೆ ಒಟ್ಟು 89, ಅಂದ್ರೆ 37 ನಿಮಿಷ. ಪರಿಚಯ, ಒಪ್ಪಿಗೆಗೆ 4 ನಿಮಿಷ. ಉಳಿದದ್ದು ಭಾಷೆಗೆ ಹೋಯ್ತು: ಪ್ರಶ್ನೆ ಕನ್ನಡದಲ್ಲಿ, ಮನೆಮಾತು ತುಳುವೋ ಮಲಯಾಳವೋ, ಕೇಳುವವರು ಅಲ್ಲೇ ತಿರುಗಿಸಿ ಹೇಳ್ಬೇಕು.

ಕೊನೆಯ ಭಾಗ ಸಾಲದ್ದು, ಅಲ್ಲಿ "ಗೊತ್ತಿಲ್ಲ" ತುಂಬ ಬರ್ತಿತ್ತು. ಜನ ಸುಸ್ತಾದ್ದಾ, ಪ್ರಶ್ನೆಯೇ ಕಷ್ಟವಾ? ಇದು ಗೊತ್ತಾಗ್ಲಿ ಅಂತಲೇ 8 ಮನೆಯಲ್ಲಿ ಸಾಲದ ಭಾಗ ಮೊದಲು ಕೇಳಿಸಿದ್ದೆ, 8ರಲ್ಲಿ ಕೊನೆಗೆ. ಕೊನೆಗೆ ಕೇಳಿದ 8ರಲ್ಲಿ 5 ಮನೆಯಲ್ಲಿ "ಗೊತ್ತಿಲ್ಲ" ಬಂತು, ಮೊದಲು ಕೇಳಿದಲ್ಲಿ 1ರಲ್ಲಿ ಮಾತ್ರ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಸಾಬೀತಾಯ್ತು ಅಂತ ಹೇಳ್ಲಿಕ್ಕಾಗುದಿಲ್ಲ, ಆದ್ರೆ ಪ್ರಶ್ನೆ ತಿದ್ದುವ ಮೊದಲು ಉದ್ದ ಕಡಿಮೆ ಮಾಡ್ಬೇಕು ಅಂತ ನನಗೆ ಖಾತ್ರಿ ಆಯ್ತು.

ಇನ್ನೊಂದು ಕಂಡದ್ದು, ಸೊಸೈಟಿ ಸಾಲ ಉಂಟಾ ಅಂತ ಕೇಳಿ ಹೌದು ಅಂದ್ರೆ ಬಡ್ಡಿ, ಅವಧಿ, ಕಂತು ಎಲ್ಲ ಕೇಳ್ತಿದ್ದೆವು, ಆಮೇಲೆ ಚಿನ್ನದ ಸಾಲ, ಮತ್ತೆ ಅದೇ. ಒಬ್ಬರು ಅಕ್ಕ ಮೊದಲನೇದಕ್ಕೆ ಹೌದು ಅಂದವರು ಆಮೇಲೆ ಎಲ್ಲದಕ್ಕೂ ಇಲ್ಲ, ಎದ್ದು ಬರುವಾಗ ಅವರೇ ಚಿನ್ನ ಅಡವಿಟ್ಟದ್ದರ ಮಾತು ತೆಗೆದ್ರು. ಹೌದು ಅಂದ್ರೆ ಪ್ರಶ್ನೆ ಜಾಸ್ತಿ ಅಂತ ಜನಕ್ಕೆ ಬೇಗ ಗೊತ್ತಾಗ್ತದೆ. ಈಗ ಎಲ್ಲ ಸಾಲದ ಹೌದು-ಇಲ್ಲ ಮೊದಲೇ ಒಟ್ಟಿಗೆ ಕೇಳಿ, ವಿವರ ಆಮೇಲೆ.

ಕತ್ತರಿಸುವಾಗ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ವರದಿಯ ಯಾವ ಕೋಷ್ಟಕಕ್ಕೆ ಹೋಗ್ತದೆ ಅಂತ ಬರೆದೆ, ಬರೀಲಿಕ್ಕೆ ಆಗದ್ದು ಹೋಯ್ತು. ಬಿಡ್ಲಿಕ್ಕೆ ಬೇಜಾರಾದದ್ದೂ ಉಂಟು, ಆದ್ರೂ ತೆಗೆದೆ. ಒಂದೊಂದು ಟೇಬಲ್‌ಗೆ ನಾಲ್ಕೇ ಹೇಳಿಕೆ, ಉಳಿದ 59 ಪ್ರಶ್ನೆ 41ಕ್ಕೆ ಬಂತು, ಒಟ್ಟು 53. ಸಾಲದ ಭಾಗವನ್ನು ಪೂರ್ತಿ ಮೊದಲು ಇಡ್ಲಿಲ್ಲ, ಬಂದ ಕೂಡ್ಲೇ ಸಾಲ ಕೇಳುದು ಸರಿಯಲ್ಲ, ತೋಟದ ಪ್ರಶ್ನೆ ಆದ ಮೇಲೆ ಇಟ್ಟೆ. ಹೊಸ 6 ಮನೆಯಲ್ಲಿ ಮತ್ತೆ ನೋಡಿದಾಗ ಮೀಡಿಯನ್ 29 ನಿಮಿಷ. "ಇನ್ನೆಷ್ಟುಂಟು?" ಅಂತ ಕೇಳಿದ್ದು ಒಬ್ಬರೇ, ಅದೂ ಕೊನೇ ಪುಟದಲ್ಲಿ.