ಎರಡು ನಲ್ಲಿ ತುಂಬಿಸುತ್ತವೆ, ಮೂರನೆಯದು ಖಾಲಿ ಮಾಡುತ್ತದೆ: ಲೆಕ್ಕ ಬಿಡಿಸುವುದು ಹೇಗೆ?

ಒಂದು ತೊಟ್ಟಿಯನ್ನು ಮೊದಲನೇ ನಲ್ಲಿ 12 ಗಂಟೆಯಲ್ಲಿ, ಎರಡನೇ ನಲ್ಲಿ 15 ಗಂಟೆಯಲ್ಲಿ ತುಂಬಿಸುತ್ತದೆ. ತುಂಬಿದ ತೊಟ್ಟಿಯನ್ನು ತಳದ ಕೊಳವೆ 10 ಗಂಟೆಯಲ್ಲಿ ಖಾಲಿ ಮಾಡುತ್ತದೆ. ಮೂರನ್ನೂ ಒಟ್ಟಿಗೆ ತೆರೆದರೆ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು?

ಈ ಲೆಕ್ಕ ಕಂಡ ಕೂಡಲೇ ಹಲವರ ಕೈ 12ಕ್ಕೆ 15 ಕೂಡಿಸಿ 10 ಕಳೆಯಲು ಹೊರಡುತ್ತದೆ. ಉತ್ತರ 17 ಗಂಟೆ ಎಂದು ಬರುತ್ತದೆ, ನೋಡಲು ಒಪ್ಪುವಂತೆಯೂ ಇರುತ್ತದೆ. ಆದರೆ ಕೊಳವೆಯನ್ನು ಮುಚ್ಚಿಟ್ಟು ಇದೇ ರೀತಿ ಮಾಡಿದರೆ ಎರಡು ನಲ್ಲಿ ಸೇರಿ 27 ಗಂಟೆ ತೆಗೆದುಕೊಳ್ಳುತ್ತವೆ ಎಂದಾಗುತ್ತದೆ. ಮೊದಲನೇ ನಲ್ಲಿ ಒಂದೇ 12 ಗಂಟೆಯಲ್ಲಿ ತುಂಬಿಸುವಾಗ ಇದು ಹೇಗೆ ಸಾಧ್ಯ? ಇಲ್ಲಿ ಕೂಡಿ ಕಳೆಯಬೇಕಾದದ್ದು ಗಂಟೆಗಳನ್ನಲ್ಲ, ಒಂದು ಗಂಟೆಯಲ್ಲಿ ಆಗುವ ಕೆಲಸವನ್ನು.

ಭಿನ್ನರಾಶಿಯಲ್ಲೂ ಮಾಡಬಹುದು, ಆದರೆ ನನಗೆ ಲ.ಸಾ.ಅ. ದಾರಿಯೇ ಮೇಲು. 12, 15, 10ರ ಲ.ಸಾ.ಅ. 60. ಹಾಗಾಗಿ ತೊಟ್ಟಿಯಲ್ಲಿ 60 ಪಾಲು ನೀರು ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ. ಮೊದಲನೇ ನಲ್ಲಿ ಗಂಟೆಗೆ 5 ಪಾಲು ಸುರಿಯುತ್ತದೆ, ಎರಡನೆಯದು 4 ಪಾಲು. ಕೊಳವೆ 6 ಪಾಲು ಹೊರಹಾಕುತ್ತದೆ, ಅದರ ಹಿಂದೆ ಋಣ ಚಿಹ್ನೆಯನ್ನು ಈಗಲೇ ಬರೆದುಬಿಡಿ. ಅರ್ಧ ಲೆಕ್ಕ ಆದ ಮೇಲೆ ಚಿಹ್ನೆ ಮರೆತುಹೋಗುವುದೇ ಹೆಚ್ಚು.

```
5 + 4 − 6 = 3
60 ÷ 3 = 20
```

ಗಂಟೆಗೆ ಉಳಿಯುವುದು 3 ಪಾಲು, ತುಂಬಲು 20 ಗಂಟೆ. ಈ ಮೊತ್ತ ಸೊನ್ನೆಯಾದರೆ ನೀರಿನ ಮಟ್ಟ ಇದ್ದಲ್ಲೇ ಇರುತ್ತದೆ, ಋಣವಾದರೆ ತೊಟ್ಟಿ ತುಂಬುವ ಮಾತೇ ಇಲ್ಲ. ಭಾಗಾಕಾರಕ್ಕೆ ಮೊದಲು ಇದನ್ನೊಮ್ಮೆ ನೋಡಿಕೊಳ್ಳಿ.

ನಡುವೆ ಕೊಳವೆ ಮುಚ್ಚಿದರೆ? ಮೂರೂ ತೆರೆದಿದ್ದ ಮೊದಲ 5 ಗಂಟೆಯಲ್ಲಿ ಸೇರಿದ್ದು 15 ಪಾಲು. ಬಾಕಿ 45 ಪಾಲನ್ನು ಎರಡು ನಲ್ಲಿಗಳು ಗಂಟೆಗೆ 9ರಂತೆ ಇನ್ನೈದು ಗಂಟೆಯಲ್ಲಿ ತುಂಬಿಸುತ್ತವೆ. ಒಟ್ಟು 10 ಗಂಟೆ. ಪಾಲುಗಳಲ್ಲಿ ಯೋಚಿಸಿದರೆ ಇಂಥ ಪ್ರಶ್ನೆಗೆ ಹೊಸ ಸೂತ್ರವೇನೂ ಬೇಕಾಗುವುದಿಲ್ಲ.

ನಿಜವಾದ ಪೇಚು ಇರುವುದು ಸರದಿಯ ಲೆಕ್ಕದಲ್ಲಿ. ಮೂರನ್ನೂ ಒಟ್ಟಿಗೆ ತೆರೆಯದೆ ಮೊದಲನೇ ನಲ್ಲಿ ಒಂದು ಗಂಟೆ, ಆಮೇಲೆ ಎರಡನೆಯದು ಒಂದು ಗಂಟೆ, ಆಮೇಲೆ ಕೊಳವೆ ಒಂದು ಗಂಟೆ, ಮತ್ತೆ ಮೊದಲಿಂದ, ಹೀಗೆ ತೆರೆಯುತ್ತಾ ಹೋಗಬೇಕು. ಮೂರು ಗಂಟೆಯ ಒಂದು ಸುತ್ತಿಗೆ 3 ಪಾಲು ಸೇರುತ್ತದೆ, ಆದ್ದರಿಂದ 20 ಸುತ್ತು, ಅಂದರೆ 60 ಗಂಟೆ ಎಂದು ಬರೆದುಬಿಡುತ್ತೇವೆ. ತಪ್ಪು. ಪ್ರತಿ ಸುತ್ತಿನಲ್ಲೂ ನೀರು ಮೊದಲು 9 ಪಾಲು ಏರಿ ಆಮೇಲೆ 6 ಪಾಲು ಇಳಿಯುತ್ತದೆ. ಏರುವಾಗಲೇ ತೊಟ್ಟಿ ತುಂಬಿಬಿಟ್ಟರೆ ಕೊಳವೆಯ ಸರದಿ ಬರುವುದೇ ಇಲ್ಲ.

ಆದ್ದರಿಂದ 60ರಿಂದ ಮೊದಲು 9 ಕಳೆಯಿರಿ. ಉಳಿದ 51 ಪಾಲು ಸೇರಲು 17 ಸುತ್ತು, 51 ಗಂಟೆ. 52ನೇ ಗಂಟೆಯಲ್ಲಿ ಮೊದಲನೇ ನಲ್ಲಿ ಅದನ್ನು 56ಕ್ಕೆ ಏರಿಸುತ್ತದೆ, 53ನೇ ಗಂಟೆಯ ಕೊನೆಗೆ ಎರಡನೆಯದು 60 ಮುಟ್ಟಿಸುತ್ತದೆ. ಉತ್ತರ 53 ಗಂಟೆ. ಇದಕ್ಕೂ ಮೊದಲೇ ತುಂಬಿರಬಹುದೇ ಎಂಬ ಅನುಮಾನವಿದ್ದರೆ ಹಿಂದಿನ ಸುತ್ತನ್ನು ನೋಡಿ: 16 ಸುತ್ತಿನ ಕೊನೆಗೆ 48 ಪಾಲು, ಅಲ್ಲಿಂದ 9 ಏರಿದರೂ 57. ಕಳೆದು ಉಳಿದದ್ದು ಸುತ್ತಿನ ಗಳಿಕೆಯಿಂದ ಸರಿಯಾಗಿ ಭಾಗವಾಗದಿದ್ದರೆ ಸುತ್ತುಗಳ ಸಂಖ್ಯೆಯನ್ನು ಮೇಲಿನ ಪೂರ್ಣಸಂಖ್ಯೆಗೆ ಏರಿಸಿಕೊಳ್ಳಬೇಕು.

ಈ ಲೆಕ್ಕಗಳೆಲ್ಲ ಒಂದು ಒಪ್ಪಂದದ ಮೇಲೆ ನಿಂತಿವೆ: ಕೊಳವೆ ಯಾವಾಗಲೂ ಒಂದೇ ವೇಗದಲ್ಲಿ ನೀರು ಬಿಡುತ್ತದೆ. ನಿಜವಾದ ತೊಟ್ಟಿಯಲ್ಲಿ ಹಾಗಾಗುವುದಿಲ್ಲ. ತಳದ ರಂಧ್ರದಿಂದ ಬರುವ ನೀರಿನ ವೇಗ ಮೇಲಿರುವ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 17ನೇ ಶತಮಾನದಲ್ಲೇ ತೋರಿಸಿದ. ನೇರ ಗೋಡೆಯ ತೊಟ್ಟಿ 10 ಗಂಟೆಯಲ್ಲಿ ಹೀಗೆ ಖಾಲಿಯಾಗುತ್ತದೆ ಎಂದರೆ, ತುಂಬಿದ್ದಾಗ ಹೊರಹರಿವು ಸರಾಸರಿಯ ಎರಡರಷ್ಟು, ಗಂಟೆಗೆ 12 ಪಾಲು ಇರುತ್ತದೆ. ಒಳಬರುವುದು 9 ಪಾಲು ಮಾತ್ರ. ಹಾಗಾಗಿ ನಾವು 20 ಗಂಟೆಯಲ್ಲಿ ತುಂಬಿಸಿದ ತೊಟ್ಟಿ ವಾಸ್ತವದಲ್ಲಿ ತುಂಬುವುದೇ ಇಲ್ಲ. ನೀರು ಏರುತ್ತಾ ಏರುತ್ತಾ ನಿಧಾನವಾಗಿ, ಎತ್ತರದ 9/16 ಭಾಗದ ಹತ್ತಿರ ನಿಲ್ಲುತ್ತದೆ. 9/16ರ ವರ್ಗಮೂಲ 3/4, 12ರ ಮುಕ್ಕಾಲು 9. ಆ ಮಟ್ಟದಲ್ಲಿ ಬಂದಷ್ಟೇ ನೀರು ಹೊರಗೆ ಹೋಗುತ್ತಿರುತ್ತದೆ.